ಪಂಪ್ ನಿಂತ ಮೇಲಿನ ಕಾವಲು



ಅಧ್ಯಕ್ಷರಾದವರು ಶುಶ್ರೂಷಾಧಿಕಾರಿಗಳ ಸಂಘದ ಬೇಡಿಕೆಗಳನ್ನು ಮತ್ತೊಮ್ಮೆ ಓದಿ ಹೇಳುವುದು ನಮ್ಮಲ್ಲಿ ರೂಢಿ. ಅವೆಲ್ಲ ಕಾರ್ಯದರ್ಶಿಗಳ ವರದಿಯಲ್ಲಿ ಬಂದಿವೆ. ನನ್ನ ಪಾಲಿನ ಸಮಯವನ್ನು ನಾನು ಒಂದೇ ವಿಷಯಕ್ಕೆ ಇಟ್ಟುಕೊಳ್ಳುತ್ತೇನೆ. ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡ ರೋಗಿ ಹೆಪರಿನ್‌ನಿಂದ ವಾರ್ಫರಿನ್‌ಗೆ ದಾಟುವ ಐದಾರು ದಿನಗಳ ವಿಷಯ ಅದು.

ಈಗ ಹೊಸ ಮಾತ್ರೆಗಳು ಬಂದಿವೆಯಲ್ಲ, ರಕ್ತ ಪರೀಕ್ಷೆಯೇ ಬೇಡವಂತಲ್ಲ ಎಂದು ಎಳೆಯರು ಕೇಳುತ್ತಾರೆ. ಬಂದಿರುವುದು ನಿಜ. ಆದರೆ ಲೋಹದ ಕವಾಟದವರಿಗೆ ಅವು ಸಲ್ಲವು. ಡಾಬಿಗಾಟ್ರಾನ್ ಮಾತ್ರೆಯನ್ನು ಇಂಥ ರೋಗಿಗಳಲ್ಲಿ ಪರೀಕ್ಷಿಸಿದ ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಹೆಪ್ಪು ಕಟ್ಟುವುದೂ ರಕ್ತಸ್ರಾವವೂ ಎರಡೂ ವಾರ್ಫರಿನ್‌ಗಿಂತ ಹೆಚ್ಚಾಗಿದ್ದವು. ಅದರ ವರದಿ 2013ರಲ್ಲಿ ಬಂತು. ರುಮ್ಯಾಟಿಕ್ ಹೃದ್ರೋಗದಿಂದ ಎದೆಬಡಿತ ಏರುಪೇರಾದವರಲ್ಲೂ ರಿವರಾಕ್ಸಬಾನ್‌ಗಿಂತ ಹಳೆಯ ಬಗೆಯ ಮಾತ್ರೆಯೇ ಮೇಲು ಎಂದು 2022ರಲ್ಲಿ ಗೊತ್ತಾಯಿತು. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ನೋವು ಎಂದು ಬಂದುಹೋದ ಜ್ವರ ಮೂವತ್ತರ ಹೊತ್ತಿಗೆ ಕವಾಟವನ್ನು ತಿಂದಿರುವ ಹೆಣ್ಣುಮಕ್ಕಳು ನಮ್ಮ ವಾರ್ಡಿಗೆ ಇನ್ನೂ ಬರುತ್ತಲೇ ಇದ್ದಾರೆ. ಅವರಿರುವ ತನಕ ಐಎನ್ಆರ್ ಪುಸ್ತಕ ನಮ್ಮ ಕೈಯಲ್ಲಿರುತ್ತದೆ.

ಒಬ್ಬ ರೋಗಿಯನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ನಾನು ಕಂಡ ಹಲವರನ್ನು ಸೇರಿಸಿ ಮಾಡಿದ ಒಬ್ಬಳು ಈಕೆ. ವಯಸ್ಸು 36, ತೂಕ 50 ಕೆಜಿ, ಕೊಪ್ಪಳದ ಕಡೆಯ ಹಳ್ಳಿ, ಕೂಲಿ ಕೆಲಸ. ಮೈಟ್ರಲ್ ಕವಾಟ ಬದಲಾಗಿದೆ. ಶಸ್ತ್ರಚಿಕಿತ್ಸೆಯ ನಂತರ ಡ್ರೈನಿನಲ್ಲಿ ರಕ್ತ ಬರುವುದು ನಿಂತಿದೆ. ಹೊಸ ಗಾಯ ಇರುವುದರಿಂದ ಮೊದಲ ದೊಡ್ಡ ಡೋಸ್ ಬೇಡ, ಕೆಜಿಗೆ ಗಂಟೆಗೆ 12 ಯೂನಿಟ್‌ನಂತೆ ಹೆಪರಿನ್ ಶುರು ಮಾಡಿ ಎಂದು ವೈದ್ಯರು ಬರೆದಿದ್ದಾರೆ. ಅಂದರೆ ಗಂಟೆಗೆ 600 ಯೂನಿಟ್. 25,000 ಯೂನಿಟ್‌ನ 5 ಎಂಎಲ್ ವಯಲ್ ತೆಗೆದು ಸಲೈನ್ ಸೇರಿಸಿ ಸಿರಿಂಜನ್ನು 50 ಎಂಎಲ್ ಮಾಡಿದರೆ ಒಂದು ಎಂಎಲ್‌ಗೆ 500 ಯೂನಿಟ್ ಆಯಿತು. ಪಂಪ್‌ನಲ್ಲಿ 1.2 ಎಂಎಲ್ ಇಡಬೇಕು.

ಇಲ್ಲೊಂದು ಅಪಾಯವಿದೆ. ನಮ್ಮ ಸ್ಟೋರಿನಲ್ಲಿ ಹೆಪರಿನ್ ಎರಡು ಬಗೆಯಲ್ಲಿ ಬರುತ್ತದೆ, ಎರಡೂ 5 ಎಂಎಲ್ ವಯಲೇ. ಒಂದರಲ್ಲಿ ಒಟ್ಟು 5,000 ಯೂನಿಟ್, ಇನ್ನೊಂದರಲ್ಲಿ 25,000. ರಾತ್ರಿ ಪಾಳಿಯಲ್ಲಿ ಕೈಗೆ ಸಿಕ್ಕಿದ್ದು 5,000ದ್ದಾದರೆ ಪಂಪ್ ಮೇಲೆ ಅದೇ 1.2 ಇರುತ್ತದೆ, ಚಾರ್ಟಿನಲ್ಲಿ 600 ಎಂದೇ ಬರೆದಿರುತ್ತದೆ, ಆಕೆಯ ಮೈಗೆ ಹೋಗುವುದು ಮಾತ್ರ ಗಂಟೆಗೆ 120. ಇದನ್ನು ಹಿಡಿದುಕೊಡುವುದು ಎಪಿಟಿಟಿ. ಶುರು ಮಾಡಿದ ಆರು ಗಂಟೆಗೆ ಒಮ್ಮೆ, ಪ್ರಮಾಣ ಬದಲಿಸಿದಾಗಲೆಲ್ಲ ಮತ್ತೆ ಆರು ಗಂಟೆಗೆ ಅದನ್ನು ನೋಡುತ್ತೇವೆ. ಲ್ಯಾಬಿನ ಕಂಟ್ರೋಲ್ 30 ಸೆಕೆಂಡ್ ಇದ್ದರೆ ನಮಗೆ ಬೇಕಾದದ್ದು ಅದರ ಒಂದೂವರೆಯಿಂದ ಎರಡೂವರೆ ಪಟ್ಟು, 45ರಿಂದ 75. ಮೊದಲ ಸಲ 31 ಬಂತು, ಪ್ರಮಾಣ ಏರಿಸಿದ ಮೇಲೂ 32 ಬಂತು ಎಂದರೆ ಮತ್ತೆ ಏರಿಸುವ ಮುಂಚೆ ಕಸದ ಡಬ್ಬಿಯಲ್ಲಿರುವ ಖಾಲಿ ವಯಲ್ ನೋಡಿ. 5,000ದ ವಯಲಿನ ದ್ರಾವಣಕ್ಕೆ ತಕ್ಕಂತೆ ಏರಿಸುತ್ತಾ ಹೋಗಿ, ಮುಂದಿನ ಪಾಳಿಯವರು ಸರಿಯಾದ ವಯಲಿನಿಂದ ಸಿರಿಂಜ್ ತುಂಬಿದರೆ ಆ ಕ್ಷಣಕ್ಕೆ ಡೋಸ್ ಐದು ಪಟ್ಟಾಗುತ್ತದೆ.

ಎಪಿಟಿಟಿ ಇದ್ದಕ್ಕಿದ್ದಂತೆ 150 ದಾಟಿದರೂ ಮೊದಲು ರಕ್ತ ಯಾವ ಕೈಯಿಂದ ತೆಗೆದಿರಿ ಎಂದು ಕೇಳಬೇಕು. ಹೆಪರಿನ್ ಹೋಗುತ್ತಿರುವ ಕೈಯಿಂದ ತೆಗೆದ ರಕ್ತ ಲೈನಿನ ಕಥೆಯನ್ನು ಹೇಳುತ್ತದೆ, ರೋಗಿಯದನ್ನಲ್ಲ. ನೀಲಿ ಮುಚ್ಚಳದ ಟ್ಯೂಬನ್ನು ಗೆರೆಯವರೆಗೆ ತುಂಬದಿದ್ದರೂ ಹಾಗೆಯೇ. ಅದರಲ್ಲಿ ಒಂದು ಪಾಲು ಸಿಟ್ರೇಟ್‌ಗೆ ಒಂಬತ್ತು ಪಾಲು ರಕ್ತ ಎಂಬ ಲೆಕ್ಕವಿದೆ. ಅರ್ಧ ತುಂಬಿ ಕಳಿಸಿದರೆ ಸಿಟ್ರೇಟ್ ಹೆಚ್ಚಾಗಿ ಸಮಯ ಸುಳ್ಳುಸುಳ್ಳೇ ಉದ್ದವಾಗುತ್ತದೆ. ಫಲಿತಾಂಶ ನಿಜವೇ ಆಗಿದ್ದರೆ ಹೆಪರಿನ್ ಬಗ್ಗೆ ಅಷ್ಟು ಗಾಬರಿ ಬೇಡ. ಪಂಪ್ ನಿಲ್ಲಿಸಿದರೆ ಒಂದು–ಒಂದೂವರೆ ಗಂಟೆಯಲ್ಲಿ ಅರ್ಧ ಇಳಿಯುತ್ತದೆ. ರಕ್ತ ಹರಿಯುತ್ತಿದ್ದರೆ ಪ್ರೋಟಮಿನ್ ಇದೆ. ಇದರ ಜೊತೆಗೆ ಪ್ಲೇಟ್‌ಲೆಟ್ ಎಣಿಕೆಯನ್ನೂ ಮರೆಯಬಾರದು. ಐದರಿಂದ ಹತ್ತನೇ ದಿನದ ನಡುವೆ ಅದು ಅರ್ಧಕ್ಕೆ ಕುಸಿದರೆ ಹೆಪರಿನ್ನೇ ಹೆಪ್ಪು ಕಟ್ಟಿಸುತ್ತಿರಬಹುದು, ತಕ್ಷಣ ವೈದ್ಯರನ್ನು ಕರೆಯಬೇಕು.

ಇನ್ನು ವಾರ್ಫರಿನ್. 1920ರ ದಶಕದಲ್ಲಿ ಅಮೆರಿಕ, ಕೆನಡಾಗಳ ಹುಲ್ಲುಗಾವಲುಗಳಲ್ಲಿ ಬೂಸಲು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ಒಳಗೊಳಗೇ ರಕ್ತ ಸುರಿದು ಸತ್ತವು. ಆ ಮೇವಿನಲ್ಲಿದ್ದ ವಸ್ತುವನ್ನು ವಿಸ್ಕಾನ್ಸಿನ್‌ನಲ್ಲಿ ಕಾರ್ಲ್ ಪಾಲ್ ಲಿಂಕ್ ಅವರ ತಂಡ ಬೇರ್ಪಡಿಸಿತು. ಅದರ ಮರಿಯೇ ವಾರ್ಫರಿನ್. 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂದು, 1954ರಲ್ಲಿ ಮನುಷ್ಯರ ಔಷಧವಾಯಿತು. ಇದನ್ನು ರೋಗಿಗೆ ಹೇಳಬೇಕೆಂದೇನಿಲ್ಲ. ಆದರೆ ಮೊಬೈಲಿನಲ್ಲಿ ಓದಿಕೊಂಡು ಬಂದ ಮಗ ಕೇಳಿದರೆ ಮುಚ್ಚಿಡಬೇಡಿ.

ವಾರ್ಫರಿನ್ ಈಗಾಗಲೇ ಮೈಯಲ್ಲಿರುವ ರಕ್ತವನ್ನು ಮುಟ್ಟುವುದಿಲ್ಲ. ಯಕೃತ್ತು ವಿಟಮಿನ್ ಕೆ ಬಳಸಿ ಮಾಡುವ ಹೆಪ್ಪುಗಟ್ಟಿಸುವ ಅಂಶಗಳ ತಯಾರಿಕೆಯನ್ನು ತಡೆಯುತ್ತದೆ. ಮೊದಲೇ ತಯಾರಾಗಿ ಓಡಾಡುತ್ತಿರುವುದು ತಾನಾಗಿ ಖರ್ಚಾಗಬೇಕು. ಏಳನೇ ಅಂಶ ಸುಮಾರು ಆರು ಗಂಟೆಗೆ ಅರ್ಧವಾಗುತ್ತದೆ; ಎರಡನೆಯದು, ಅಂದರೆ ಪ್ರೋಥ್ರಾಂಬಿನ್, ಅರ್ಧವಾಗಲು ಎರಡೂವರೆ–ಮೂರು ದಿನ ಬೇಕು. ನಮ್ಮ ರೋಗಿಯ ತೊಡಕು ಇಲ್ಲೇ ಹುಟ್ಟುವುದು. ಮೊದಲ ಸಂಜೆಯಿಂದ 5 ಮಿಲಿಗ್ರಾಂ ಕೊಡುತ್ತಿದ್ದೇವೆ. ಮೂರನೇ ದಿನ ಐಎನ್ಆರ್ 2.6 ಬಂದಿದೆ. ಮೈಟ್ರಲ್ ಲೋಹದ ಕವಾಟಕ್ಕೆ ಬೇಕಾದದ್ದು 2.5ರಿಂದ 3.5. ಸಂಖ್ಯೆ ಬಂತು, ಮಂಚ ಬೇಕು, ಪಂಪ್ ತೆಗೆದು ಮನೆಗೆ ಕಳಿಸೋಣ ಎಂದು ರೌಂಡ್ಸಿನಲ್ಲಿ ಯಾರಾದರೂ ಹೇಳುತ್ತಾರೆ. ಆದರೆ ಆ 2.6 ಮುಖ್ಯವಾಗಿ ಏಳನೇ ಅಂಶ ಬೇಗ ಇಳಿದುದರ ಗುರುತು. ಪ್ರೋಥ್ರಾಂಬಿನ್ ಇನ್ನೂ ಸಾಕಷ್ಟಿದೆ. ಸಾಲದ್ದಕ್ಕೆ ಹೆಪ್ಪನ್ನು ತಡೆಯುವ ಪ್ರೋಟೀನ್ ಸಿ ಕೂಡ ಬೇಗ ಇಳಿದಿದೆ. ಅಂದು ಹೆಪರಿನ್ ತೆಗೆದರೆ ಕಾಗದದ ಮೇಲೆ ಆಕೆಗೆ ರಕ್ಷಣೆಯಿದೆ, ಕವಾಟದ ಮೇಲೆ ಇಲ್ಲ. ಆದ್ದರಿಂದ ಎರಡೂ ಔಷಧಿ ಕನಿಷ್ಠ ಐದು ದಿನ ಜೊತೆಯಲ್ಲಿ ಹೋಗಬೇಕು, ಐಎನ್ಆರ್ ಒಂದು ದಿನದ ಅಂತರದಲ್ಲಿ ಎರಡು ಸಲ ಗುರಿಯೊಳಗಿರಬೇಕು. ಇದನ್ನು ವೈದ್ಯರಿಗೆ ನೆನಪಿಸುವುದು ಉದ್ಧಟತನವಲ್ಲ.

ನಾನು ಹೇಳಬೇಕೆಂದು ಬಂದ ಮಾತು ಈಗ. ಪಂಪ್ ಓಡುತ್ತಿರುವಾಗ ಆಕೆಯ ಕಾವಲು ನಾವು. ಪಂಪ್ ತೆಗೆದ ದಿನ ಆ ಕಾವಲು ಪೂರ್ತಿಯಾಗಿ ಆಕೆಯ ಕೈಗೆ ಹೋಗುತ್ತದೆ, ಜೀವನಪರ್ಯಂತ. ಆ ಹಸ್ತಾಂತರಕ್ಕೆ ನಾವು ಕೊಡುವುದು ಡಿಸ್ಚಾರ್ಜ್ ದಿನದ ಹತ್ತು ನಿಮಿಷ, ಅದೂ ಬಿಲ್ಲು, ಬಸ್ಸು, ಆಟೋ ಎಂದು ಮನೆಯವರು ಓಡಾಡುತ್ತಿರುವಾಗ. ಜೊತೆಗಿರುವ ಐದು ದಿನಗಳನ್ನು ನಾವು ಔಷಧಿಗೆ ಮಾತ್ರ ಬಳಸುತ್ತಿದ್ದೇವೆ. ಕಲಿಸಲಿಕ್ಕೂ ಅವೇ ದಿನಗಳು. ಮೊದಲ ಮಾತ್ರೆ ಕೊಡುವ ಸಂಜೆಯಿಂದಲೇ ಶುರುವಾಗಲಿ, ದಿನಕ್ಕೊಂದೇ ವಿಷಯ.

ಹೇಳಿದ್ದು ತಿಳಿಯಿತೇ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಹೀಗೆ ಕೇಳಿ ನೋಡಿ: "ಅಕ್ಕಾರ, ಒಂದಿನ ರಾತ್ರಿ ಗುಳಿಗಿ ಮರೆತ್ರಿ ಅಂತ ತಿಳೀರಿ, ಮರುದಿನ ಏನ್ ಮಾಡ್ತೀರಿ?" ಉತ್ತರ ಬರುತ್ತದೆ: "ಎರಡೂ ಕೂಡೇ ತಗೊಂಡುಬಿಡ್ತೀನ್ರೀ." ಹೂಂ ಎಂಬುದರ ಹಿಂದೆ ಇದು ಅಡಗಿತ್ತು. ಅದೇ ದಿನ ನೆನಪಾದರೆ ತಗೊಳ್ಳಿ, ಮರುದಿನ ನೆನಪಾದರೆ ಬಿಟ್ಟುಬಿಡಿ, ಪುಸ್ತಕದಲ್ಲಿ ಗುರುತು ಹಾಕಿ, ಎರಡು ಸೇರಿಸಬೇಡಿ ಎಂದು ಹೇಳಿ ನಾಳೆ ಮತ್ತೆ ಅದನ್ನೇ ಕೇಳಬೇಕು.

ಸೊಪ್ಪಿನ ಮಾತು ಬಂದೇ ಬರುತ್ತದೆ. ಸೊಪ್ಪು ಮುಟ್ಟಬೇಡಿ ಎನ್ನುವುದು ಸುಲಭ, ತಪ್ಪೂ ಹೌದು. ರೊಟ್ಟಿಗೆ ಪುಂಡಿ ಪಲ್ಲೆ, ರಾಜಗಿರಿ, ಮೆಂತ್ಯವೇ ಆಧಾರವಾಗಿರುವ ಮನೆಯಲ್ಲಿ ಸೊಪ್ಪು ನಿಂತರೆ ವಿಟಮಿನ್ ಕೆ ಇಳಿದು ಐಎನ್ಆರ್ ಏರುತ್ತದೆ. ವಾರ ವಾರ ಹೆಚ್ಚುಕಡಿಮೆ ಅಷ್ಟೇ ತಿನ್ನಿ ಎಂದರೆ ಸಾಕು. ಅದಕ್ಕೆ ತಕ್ಕಂತೆ ಡೋಸನ್ನು ನಾವು ಹೊಂದಿಸುತ್ತೇವೆ.

ಸೊಪ್ಪಿಗಿಂತ ನನಗೆ ಹೆಚ್ಚು ಭಯ ಮೆಡಿಕಲ್ ಶಾಪಿನದು. ಭೇದಿಗೆಂದು ಕೇಳಿ ತರುವ ಮೆಟ್ರೊನಿಡಜೋಲ್ ವಾರ್ಫರಿನ್ ಒಡೆಯುವ ಕಿಣ್ವವನ್ನು ತಡೆದು, ಕೆಲವೇ ದಿನಗಳಲ್ಲಿ ಐಎನ್ಆರ್ ಅನ್ನು ದುಪ್ಪಟ್ಟು ಮಾಡಬಲ್ಲದು. ಮೈಕೈ ನೋವಿನ ಡೈಕ್ಲೊಫೆನಾಕ್ ಐಎನ್ಆರ್ ಏರಿಸದೆಯೂ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸಬಲ್ಲದು, ಆದ್ದರಿಂದ ಐಎನ್ಆರ್ ಸರಿಯಿದೆ ಎಂದು ಅದನ್ನು ಬಿಡುವಂತಿಲ್ಲ. ಕ್ಷಯಕ್ಕೆ ರಿಫಾಂಪಿಸಿನ್ ಶುರುವಾದರೆ ತಿರುಗುಮುರುಗು, ಐಎನ್ಆರ್ ಕುಸಿಯುತ್ತದೆ. ಸೊಂಟಕ್ಕೆ ಸೂಜಿ ಹಾಕಿಸಿಕೊಂಡರೆ ಸ್ನಾಯುವಿನೊಳಗೆ ರಕ್ತ ಗಡ್ಡೆಯಾಗಿ ನಿಲ್ಲಬಹುದು. ಇನ್ನೊಂದು, ನಮ್ಮಲ್ಲಿ ಅಸಿನೊಕೌಮರಾಲ್ ಮಾತ್ರೆಯೂ ಧಾರಾಳವಾಗಿ ನಡೆಯುತ್ತದೆ. ಎರಡರ ಮಿಲಿಗ್ರಾಂ ಸಮನಲ್ಲ, ಅದಿಲ್ಲ ಇದು ತಗೊಳ್ಳಿ ಎನ್ನುವಂತಿಲ್ಲ. ಪುಸ್ತಕದಲ್ಲಿ ಮಾತ್ರೆಯ ಹೆಸರನ್ನೂ ಮಿಲಿಗ್ರಾಂ ಅನ್ನೂ ಬರೆಯಬೇಕು. "ದಿನಾ ಒಂದು" ಎಂದಷ್ಟೇ ಬರೆದರೆ 2ರ ಪಟ್ಟಿ ಮುಗಿದು 5ರದ್ದು ಬಂದ ದಿನ ಯಾರಿಗೂ ತಿಳಿಯುವುದಿಲ್ಲ.

ರಕ್ತಸ್ರಾವವನ್ನು ಹೇಳುವಾಗ ಹೆದರಿಸಿದರೆ ಮಾತ್ರೆಯನ್ನೇ ಬಿಡುತ್ತಾರೆ, ಕವಾಟ ಕೂತುಹೋಗುತ್ತದೆ. ಬದಲಿಗೆ ಏನಾದರೆ ಏನು ಮಾಡಬೇಕೆಂದು ಹೇಳೋಣ. ಈಳಿಗೆ ತಾಗಿದರೆ ಬಟ್ಟೆ ಒತ್ತಿ ಹತ್ತು ನಿಮಿಷ ಬಿಡದೆ ಹಿಡಿಯಿರಿ, ನಡುನಡುವೆ ತೆಗೆದು ನೋಡಬೇಡಿ. ಹಲ್ಲುಜ್ಜುವಾಗ ವಸಡಿನಲ್ಲಿ ದಿನಾ ರಕ್ತ, ಏಟು ಬೀಳದೆ ಮೈ ನೀಲಿಗಟ್ಟುವುದು, ಮುಟ್ಟಿನ ಬಟ್ಟೆ ಹಿಂದಿಗಿಂತ ಬೇಗ ನೆನೆಯುವುದು ಇದ್ದರೆ ಅದೇ ದಿನ ಐಎನ್ಆರ್ ಮಾಡಿಸಿ. ಮುಟ್ಟಿನ ಮಾತನ್ನು ಆಕೆಯಾಗಿ ಹೇಳುವುದಿಲ್ಲ, ನಾವೇ ಕೇಳಬೇಕು. ಮುಟ್ಟು ತಪ್ಪಿದರೂ ಕೂಡಲೇ ಬನ್ನಿ ಎನ್ನಬೇಕು, ಬಸಿರಿನ ಮೊದಲ ತಿಂಗಳುಗಳಲ್ಲಿ ಈ ಮಾತ್ರೆ ಕೂಸಿಗೆ ಕೇಡು. ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ, ಮೂತ್ರ ಕೆಂಪಾದರೆ, ತಲೆಗೆ ಏಟು ಬಿದ್ದರೆ ಕಾಯುವಂತಿಲ್ಲ, ಆಸ್ಪತ್ರೆಗೆ ಹೊರಡಬೇಕು. ತಲೆಯ ವಿಷಯದಲ್ಲಿ ಮೇಲೆ ಗಾಯವಿಲ್ಲ ಎಂಬ ಸಮಾಧಾನ ಬೇಡ; ತಲೆನೋವು, ವಾಂತಿ, ಮಂಪರು ಆಮೇಲೆ ನಿಧಾನವಾಗಿ ಬರುತ್ತವೆ.

ರಕ್ತ ಎಲ್ಲೂ ಬರದೆ ಐಎನ್ಆರ್ 6 ಬಂತು ಎಂದು ತಾಲ್ಲೂಕಿನಿಂದ ಫೋನ್ ಬಂದರೆ? ಒಂದೆರಡು ಡೋಸ್ ನಿಲ್ಲಿಸಿ ಮತ್ತೆ ನೋಡುವುದು ಸಾಮಾನ್ಯ ಕ್ರಮ. ಗಾಬರಿಯಿಂದ ವಿಟಮಿನ್ ಕೆ ದೊಡ್ಡ ಡೋಸ್ ಚುಚ್ಚಿದರೆ ಐಎನ್ಆರ್ ಪಾತಾಳಕ್ಕಿಳಿದು, ವಾರಗಟ್ಟಲೆ ವಾರ್ಫರಿನ್ ಹಿಡಿಯದೆ, ಕವಾಟದ ಮೇಲೆ ಹೆಪ್ಪು ಕೂರಬಹುದು. ಅದನ್ನು ರಕ್ತ ಹರಿಯುತ್ತಿರುವವರಿಗೆ ಇಟ್ಟುಕೊಳ್ಳಬೇಕು. ಇದನ್ನು ತೀರ್ಮಾನಿಸುವವರು ವೈದ್ಯರು. ಆದರೆ ಆ ಫೋನ್ ಯಾರಿಗೆ ಹೋಗಬೇಕು ಎಂಬುದೇ ಬಹಳ ಪುಸ್ತಕಗಳಲ್ಲಿ ಬರೆದಿಲ್ಲ.

ಮಧ್ಯಾಹ್ನದ ಗೋಷ್ಠಿಯಲ್ಲಿ ಒಂದು ನಿರ್ಣಯ ಬರಲಿದೆ, ಚರ್ಚಿಸಿ. ಐಎನ್ಆರ್ ಪುಸ್ತಕದ ಮೊದಲ ಪುಟದಲ್ಲಿ ಐದು ಸಾಲು ಕನ್ನಡದಲ್ಲಿ ಇರಲಿ: ಮಾತ್ರೆಯ ಹೆಸರು ಮತ್ತು ಮಿಲಿಗ್ರಾಂ, ಆಕೆಯ ಗುರಿ ಎಷ್ಟು, ಮುಂದಿನ ಪರೀಕ್ಷೆ ಯಾವ ದಿನ ಯಾವ ಲ್ಯಾಬಿನಲ್ಲಿ, ಹಗಲು ಫೋನ್ ಯಾರಿಗೆ, ರಾತ್ರಿ ಯಾರಿಗೆ. ಮನೆಗೆ ಹೋದ ಮೇಲಿನ ಮೊದಲ ಪರೀಕ್ಷೆ ಮೂರರಿಂದ ಐದು ದಿನದೊಳಗೆ ಆಗಲಿ. ಓದಲು ಬಾರದವರಿಗೆ ಆ ಪುಟವನ್ನು ಯಾರು ಓದಿ ಹೇಳುತ್ತಾರೆಂದು ಕೇಳಿ, ಅವರನ್ನು ಡಿಸ್ಚಾರ್ಜಿಗೆ ಮುಂಚೆಯೇ ಮಂಚದ ಪಕ್ಕ ಕೂರಿಸಿಕೊಳ್ಳೋಣ. ನಾಲ್ಕನೇ ಸಾಲಿನ ಬಗ್ಗೆ ತಕರಾರು ಬರುತ್ತದೆಂದು ನನಗೆ ಗೊತ್ತು, ವಾರ್ಡಿನ ಫೋನ್ ಎತ್ತಲು ಪಾಳಿಗೆ ಇರುವವರೇ ಇಬ್ಬರು. ಆ ಮಾತನ್ನೂ ನಿರ್ಣಯದ ಜೊತೆಗೇ ಇಲಾಖೆಗೆ ಬರೆಯೋಣ.