ಮಾತು ಒಂದು, ಲೆಕ್ಕ ಇನ್ನೊಂದು



ಊರು ಬಿಟ್ಟು ಬಂದ ನಮ್ಮಂಥವರಿಗೆ ಒಂದಲ್ಲ ಒಂದು ದಿನ ಇಂಥ ಫೋನು ಬಂದೇ ಬರುತ್ತದೆ. "ಅಕ್ಕಾ, ಒಂದು ಹೋಟೆಲ್ ಶುರು ಮಾಡ್ತಿದ್ದೀವಿ. ನೀನೂ ಪಾಲಿಗೆ ಬಾ." ನನಗೆ ಬಂದದ್ದು ಪುಣೆಯಲ್ಲಿರುವ ಚಿಕ್ಕಮ್ಮನ ಮಗನಿಂದ. ಹಿಂಜವಡಿಯ ಐಟಿ ಕಚೇರಿಗಳ ಪಕ್ಕ ಇಡ್ಲಿ, ದೋಸೆ, ಕಾಫಿಯ ಪುಟ್ಟ ದರ್ಶಿನಿ. ಬಂಡವಾಳ 18 ಲಕ್ಷ, ಮೂವರು ಪಾಲುದಾರರು, ತಲೆಗೆ 6 ಲಕ್ಷ. ಮಗಳ ಓದಿಗೆಂದು ನಾವು ಎತ್ತಿಟ್ಟಿದ್ದೂ ಹೆಚ್ಚುಕಡಿಮೆ ಅಷ್ಟೇ ದುಡ್ಡು.

ಅವನು ಎರಡು ಫೈಲು ಕಳಿಸಿದ. ಒಂದು, ನಾಲ್ಕು ಪುಟದ ವಿವರಣೆ. ಇನ್ನೊಂದು, ಎಕ್ಸೆಲ್ ಹಾಳೆ. ವಿವರಣೆ ಓದಿದರೆ ಫಿಲ್ಟರ್ ಕಾಫಿಯ ವಾಸನೆಯೇ ಬರುತ್ತಿತ್ತು. ಹಾಳೆಯ ಕೊನೆಯ ಸಾಲಿನಲ್ಲಿ ತಿಂಗಳಿಗೆ 1,50,000 ರೂಪಾಯಿ ಲಾಭ. ಅಂದರೆ ಹಾಕಿದ ಹಣ ಒಂದೇ ವರ್ಷಕ್ಕೆ ವಾಪಸ್. ಬಿಡಿಬಿಡಿಯಾಗಿ ನೋಡಿದಾಗ ಎರಡರಲ್ಲೂ ತಪ್ಪು ಕಾಣಲಿಲ್ಲ.

ನಾನು ಓದಿದ್ದು ಕನ್ನಡ ಬಿ.ಎ. ಲೆಕ್ಕಪತ್ರ ನನ್ನ ವಿಷಯವಲ್ಲ. ಆದರೆ ವಾಕ್ಯ ಓದುವುದು ಗೊತ್ತು. ಹಾಗಾಗಿ ಒಂದು ಹಾಳೆಯ ನಡುವೆ ಗೆರೆ ಎಳೆದೆ. ಎಡಗಡೆ ವಿವರಣೆಯ ಒಂದೊಂದು ಮಾತು, ಬಲಗಡೆ ಆ ಮಾತಿಗೆ ಹೊಂದುವ ಲೆಕ್ಕದ ಸಾಲು. ಹೊಂದುವ ಸಾಲು ಸಿಗದಿದ್ದರೆ ಖಾಲಿ ಬಿಡುವುದು. ಅಷ್ಟೇ ಕೆಲಸ. ಬನ್ನಿ, ಏನು ಸಿಕ್ಕಿತು ಅಂತ ಒಟ್ಟಿಗೇ ನೋಡೋಣ.

ಮೊದಲ ಮಾತು: "ನಮ್ಮ ಗಿರಾಕಿಗಳು ಸುತ್ತಲಿನ ಐಟಿ ಕಚೇರಿಯವರು." ಹಾಳೆಯಲ್ಲಿ ದಿನಕ್ಕೆ 250 ಗಿರಾಕಿ, ತಲೆಗೆ 80 ರೂಪಾಯಿ, ತಿಂಗಳಿಗೆ 30 ದಿನ, ಒಟ್ಟು ವ್ಯಾಪಾರ 6,00,000. ಕಚೇರಿಯವರಿಗೆ ಶನಿವಾರ, ಭಾನುವಾರ ರಜೆ ಅಲ್ಲವೇ? ತಿಂಗಳಿಗೆ 22 ದಿನವಷ್ಟೇ ಅವರು ಬರುತ್ತಾರೆ. ಉಳಿದ 8 ದಿನ ಅಕ್ಕಪಕ್ಕದವರು ದಿನಕ್ಕೆ 75 ಜನ ಬಂದರು ಅಂದುಕೊಂಡರೂ ವ್ಯಾಪಾರ 4,88,000. ಒಂದೇ ಸಂಖ್ಯೆಯಲ್ಲಿ 1,12,000 ರೂಪಾಯಿ ಕರಗಿಹೋಯಿತು.

ಎರಡನೆಯ ಮಾತು: "ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಬಿಸಿಬಿಸಿ ತಿಂಡಿ." ಹಾಳೆಯಲ್ಲಿ 5 ಕೆಲಸಗಾರರು, ತಲೆಗೆ 18,000, ಒಟ್ಟು 90,000. ಬಾಗಿಲು ತೆರೆದಿರುವುದೇ 16 ಗಂಟೆ. ಹಿಟ್ಟು ರುಬ್ಬುವುದು, ಪಾತ್ರೆ ತೊಳೆಯುವುದು ಬೇರೆ. ಐದು ಜನ ಅಷ್ಟು ಹೊತ್ತು ನಿಲ್ಲಲಾರರು. ಎರಡು ಪಾಳಿಗೆ ಕನಿಷ್ಠ 8 ಜನ ಬೇಕು, ಅಂದರೆ 1,44,000. ಇಲ್ಲವೇ ಹೋಟೆಲ್ ಮಧ್ಯಾಹ್ನಕ್ಕೆ ಮುಚ್ಚಬೇಕು. ಆಗ ಸಂಜೆಯ ಕಾಫಿ ಗಿರಾಕಿಯನ್ನು ಲೆಕ್ಕದಿಂದ ತೆಗೆಯಬೇಕು. ಎರಡರಲ್ಲಿ ಯಾವುದಾದರೂ ಸರಿ, ಆದರೆ ಮಾತಿನಲ್ಲಿ ಒಂದು, ಸಂಬಳದಲ್ಲಿ ಇನ್ನೊಂದು ಆಗಬಾರದು.

ಇಲ್ಲಿ ಎಕ್ಸೆಲ್ ಹಾಳೆಯ ಒಂದು ಸಣ್ಣ ಪರೀಕ್ಷೆ ಹೇಳಿಬಿಡುತ್ತೇನೆ. ವ್ಯಾಪಾರದ ಮನೆಯ ಮೇಲೆ ಕ್ಲಿಕ್ ಮಾಡಿದೆ. ಮೇಲೆ ಹೀಗೆ ಕಾಣಿಸಿತು:

```
=B2*B3*B4
```

ಇದು ಸೂತ್ರ. ಗಿರಾಕಿ, ಬೆಲೆ, ದಿನ, ಮೂರನ್ನೂ ಗುಣಿಸುತ್ತದೆ. ದಿನಸಿ, ಹಾಲು, ತರಕಾರಿಯ ಮನೆಯಲ್ಲಿ ಮಾತ್ರ ಬರೀ 210000 ಎಂದು ಕೈಯಲ್ಲಿ ಬರೆದಿತ್ತು. ವಿವರಣೆಯಲ್ಲಿ "ವ್ಯಾಪಾರದ ನೂರಕ್ಕೆ 35 ಪಾಲು ದಿನಸಿಗೆ" ಎಂದಿದ್ದಾನೆ. ಪರೀಕ್ಷೆಗೆಂದು 250ನ್ನು 500 ಮಾಡಿದೆ. ವ್ಯಾಪಾರ 12 ಲಕ್ಷಕ್ಕೆ ಹಾರಿತು, ದಿನಸಿ ಅಲ್ಲೇ ನಿಂತಿತ್ತು! ಗಿರಾಕಿ ಇಮ್ಮಡಿಯಾದರೂ ಅಕ್ಕಿ, ಉದ್ದು ಅಷ್ಟೇ ಸಾಕಂತೆ. ಇಂಥ ಹಾಳೆಯಲ್ಲಿ ಗಿರಾಕಿ ಹೆಚ್ಚಿದ ಹಾಗೆಲ್ಲ ಲಾಭ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಗಿರಾಕಿ ಇಳಿದರೆ ನಷ್ಟವೂ ಅಷ್ಟೇ, ಇರುವುದಕ್ಕಿಂತ ಹೆಚ್ಚು ಕಾಣುತ್ತದೆ.

ಈಗ ಅವನದೇ ಮಾತುಗಳಿಂದ ಲೆಕ್ಕ ಮತ್ತೆ ಹಾಕೋಣ. ವ್ಯಾಪಾರ 4,88,000. ಅದರಲ್ಲಿ 35 ಪಾಲು ದಿನಸಿಗೆ 1,70,800. ಬಾಡಿಗೆ 90,000. ಸಂಬಳ 1,44,000. ಗ್ಯಾಸು, ಕರೆಂಟು, ನೀರು 45,000. ಇತರೆ 15,000. ಎಲ್ಲ ಕಳೆದು ಉಳಿದದ್ದು 23,200 ರೂಪಾಯಿ. ಹದಿನೆಂಟು ಲಕ್ಷ ವಾಪಸ್ ಬರಲು ಒಂದು ವರ್ಷವಲ್ಲ, ಆರೂವರೆ ವರ್ಷ ಬೇಕು. ತೆರಿಗೆಯನ್ನು ಇನ್ನೂ ಮುಟ್ಟಿಯೇ ಇಲ್ಲ.

ಮೂರನೆಯ ಮಾತು ನನ್ನನ್ನು ನಿಜವಾಗಿ ಹೆದರಿಸಿತು. "ಬಾಯಿಂದ ಬಾಯಿಗೆ ಹೆಸರು ಹರಡಿ, ಆರು ತಿಂಗಳಲ್ಲಿ ವ್ಯಾಪಾರ ಕುದುರುತ್ತದೆ" ಎಂದು ಬರೆದಿದ್ದ. ಒಳ್ಳೆಯ, ಪ್ರಾಮಾಣಿಕ ಮಾತು. ಆದರೆ ಹಾಳೆಯಲ್ಲಿ ಮೊದಲ ತಿಂಗಳಿನಿಂದಲೇ 250 ಗಿರಾಕಿ! ಮೊದಲ ತಿಂಗಳು ದಿನಕ್ಕೆ 100 ಜನ, ಆಮೇಲೆ ತಿಂಗಳಿಗೆ 30ರಂತೆ ಏರಿ ಆರನೇ ತಿಂಗಳಿಗೆ 250 ಮುಟ್ಟಿದರು, ವಾರಾಂತ್ಯದವರೂ ಅದೇ ಪ್ರಮಾಣದಲ್ಲಿ ಏರಿದರು ಅಂದುಕೊಳ್ಳಿ. ಗಿರಾಕಿ ಕಡಿಮೆ ಅಂತ ಬಾಡಿಗೆ, ಸಂಬಳ ಕಡಿಮೆಯಾಗುವುದಿಲ್ಲ. ಮೊದಲ ತಿಂಗಳೇ ಸುಮಾರು 1,67,000 ರೂಪಾಯಿ ಕೈಯಿಂದ ಹೋಗುತ್ತದೆ. ಐದು ತಿಂಗಳ ನಷ್ಟ ಕೂಡಿದರೆ ಸುಮಾರು 4,55,000. ಆರಂಭದಲ್ಲಿ ಜನ ಕಡಿಮೆ ಇಟ್ಟು, ಗ್ಯಾಸು ಉಳಿಸಿ ಇದನ್ನು ಸ್ವಲ್ಪ ತಗ್ಗಿಸಬಹುದು, ಪೂರ್ತಿ ತಪ್ಪಿಸಲಾಗದು.

ಹದಿನೆಂಟು ಲಕ್ಷ ಎಲ್ಲಿ ಹೋಗುತ್ತದೆ ಎಂದು ನೋಡಿದೆ. ಅಂಗಡಿಯ ಡಿಪಾಸಿಟ್ಟು 6 ಲಕ್ಷ, ಅಡುಗೆಮನೆ ಸಾಮಾನು 7 ಲಕ್ಷ, ಒಳಾಂಗಣಕ್ಕೆ 5 ಲಕ್ಷ. ಮುಗಿಯಿತು. ಬಾಗಿಲು ತೆರೆಯುವ ದಿನ ಪೆಟ್ಟಿಗೆಯಲ್ಲಿ ಒಂದು ರೂಪಾಯಿ ಇಲ್ಲ. ಮೊದಲ ತಿಂಗಳ ಸಂಬಳಕ್ಕೇ ಸಾಲ ಮಾಡಬೇಕು. ಬಡ್ಡಿಯ ಸಾಲೂ ಹಾಳೆಯಲ್ಲಿಲ್ಲ.

ನಾನು ಅವನಿಗೆ ಫೋನು ಮಾಡಿ ಬೈಯಲಿಲ್ಲ, "ಆಗಲ್ಲ ಬಿಡು" ಅಂತಲೂ ಅನ್ನಲಿಲ್ಲ. ಒಂದೇ ಪ್ರಶ್ನೆ ಕೇಳಿದೆ: "ಪುಟ್ಟಾ, ಭಾನುವಾರ ಯಾರು ಬರ್ತಾರೆ?" ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಹೇಳಿದ, "ಅಕ್ಕಾ, ಆ ಹಾಳೆ ನನ್ನ ಸ್ನೇಹಿತನದು. ಅವನ ಹೋಟೆಲ್ ರೈಲ್ವೆ ಸ್ಟೇಷನ್ ಹತ್ತಿರ." ಅಲ್ಲಿ 30 ದಿನವೂ ಜನ, ಮೊದಲ ದಿನದಿಂದಲೇ ಜನ! ಅವನ ಜಾಗಕ್ಕೆ ಆ ಲೆಕ್ಕ ಸರಿಯಾಗಿತ್ತು. ಇವನು ಬಾಡಿಗೆ ಮಾತ್ರ ಬದಲಿಸಿ, ಕಥೆ ಹೊಸದಾಗಿ ಬರೆದಿದ್ದ. ಮೋಸವೇನೂ ಇರಲಿಲ್ಲ. ಹೆಚ್ಚಿನ ಸಲ ಹೀಗೇ ಆಗುತ್ತದೆ.

ಒಂದು ಎಚ್ಚರಿಕೆ. ಮಾತೂ ಲೆಕ್ಕವೂ ಹೊಂದಿದ ಮಾತ್ರಕ್ಕೆ ಯೋಜನೆ ನಿಜ ಎಂದಲ್ಲ. ದಿನಕ್ಕೆ 250 ಗಿರಾಕಿ ಎಂದು ಎರಡು ಕಡೆಯೂ ಬರೆದಿರಬಹುದು, ಎರಡೂ ಬರೀ ಊಹೆಯಾಗಿರಬಹುದು. ಅದಕ್ಕೆ ಹಾಳೆ ಮುಚ್ಚಿ ಬೀದಿಗಿಳಿಯಬೇಕು. ಆ ಜಾಗದ ಪಕ್ಕದ ತಿಂಡಿ ಅಂಗಡಿಯ ಎದುರು ಒಂದು ಮಂಗಳವಾರ ಬೆಳಿಗ್ಗೆ, ಒಂದು ಭಾನುವಾರ ಬೆಳಿಗ್ಗೆ ನಿಂತು ತಲೆ ಎಣಿಸಬೇಕು.

ಅವನು ಈಗ ಎಣಿಸುತ್ತಿದ್ದಾನೆ. ರಾತ್ರಿಯ ಪಾಳಿ ಕೈಬಿಟ್ಟಿದ್ದಾನೆ, ಇನ್ನೂ ಚಿಕ್ಕ ಅಂಗಡಿ ಹುಡುಕುತ್ತಿದ್ದಾನೆ. ನಮ್ಮ 6 ಲಕ್ಷ ಸದ್ಯಕ್ಕೆ ಬ್ಯಾಂಕಿನಲ್ಲೇ ಇದೆ. ಹೊಸ ಹಾಳೆ ಬಂದಾಗ ಮತ್ತೆ ನಡುವೆ ಗೆರೆ ಎಳೆದು ಕೂರುತ್ತೇನೆ.

ನಿಮಗೂ ಇಂಥ ಫೋನು ಬಂದಿದ್ದರೆ ಪತ್ರ ಬರೆಯಿರಿ. ಮುಂದಿನ ವಾರ ಇದೇ ಹೊತ್ತಿಗೆ ಮತ್ತೆ ಸಿಗೋಣ. ನಮಸ್ಕಾರ.