‘ವೈಯಕ್ತಿಕ ಕಾರಣ’ ಎಂದು ಬರೆಯುವ ಮುನ್ನ



ಪುಣೆಯ ಒಂದು ಕಂಪನಿಯ ಸಿಬ್ಬಂದಿ ವಿಭಾಗದಲ್ಲಿ ಬಹಳ ವರ್ಷ ಇದ್ದವಳು ನಾನು. ಕಾಯಿಲೆಯಿಂದಾಗಿ ಕೆಲಸ ಬಿಡುವ ಹೆಂಗಸರ ರಾಜೀನಾಮೆ ಪತ್ರ ಸಾಮಾನ್ಯವಾಗಿ ಒಂದೇ ಸಾಲಿನದು: ‘ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ಕೊಡುತ್ತಿದ್ದೇನೆ.’ ಕಾಯಿಲೆ ಹೇಳಿಕೊಳ್ಳಲು ಸಂಕೋಚ, ಅದು ನನಗೂ ಅರ್ಥವಾಗುತ್ತದೆ. ಆದರೆ ಆ ಸಂಕೋಚ ದುಬಾರಿ.

ಕಳೆದ ವರ್ಷ ಪರಿಚಯದ ಒಬ್ಬರು ಇಂಥದೇ ಪತ್ರ ಹಿಡಿದು ಮನೆಗೆ ಬಂದರು. ದಿನವಿಡೀ ಕಂಪ್ಯೂಟರಿನಲ್ಲಿ ಲೆಕ್ಕ ತುಂಬುವ ಕೆಲಸ. ಸಂಧಿವಾತದಿಂದ ಬೆರಳ ಗಂಟುಗಳು ಊದಿ, ಬೆಳಿಗ್ಗೆ ಲೋಟ ಹಿಡಿಯುವುದೂ ಕಷ್ಟ. ಸೇರಿ 3 ವರ್ಷ 8 ತಿಂಗಳಾಗಿತ್ತು. ‘ಐದು ವರ್ಷ ಆಗಿಲ್ವಲ್ಲ ಅಕ್ಕಾ, ಗ್ರಾಚ್ಯುಟಿ ಎಲ್ಲಿಂದ ಬರುತ್ತೆ?’ ಎಂದರು.

ಬರುತ್ತದೆ. ರೋಗದಿಂದ ಮೊದಲು ಮಾಡುತ್ತಿದ್ದ ಕೆಲಸವನ್ನೇ ಮಾಡಲಾಗದೆ ಬಿಟ್ಟರೆ ಐದು ವರ್ಷದ ಷರತ್ತು ಅನ್ವಯಿಸುವುದಿಲ್ಲ. ಅವರ ಮೂಲವೇತನ, ತುಟ್ಟಿಭತ್ಯೆ ಸೇರಿ 26,000 ರೂಪಾಯಿ. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 15,000. ಆರು ತಿಂಗಳು ಮೀರಿದ ಭಾಗ ಪೂರ್ತಿ ವರ್ಷವೆಂದು ಲೆಕ್ಕ, ಹಾಗಾಗಿ ನಾಲ್ಕು ವರ್ಷಕ್ಕೆ 60,000. ‘ವೈಯಕ್ತಿಕ ಕಾರಣ’ ಎಂದಿದ್ದರೆ ಇದನ್ನು ಕೇಳಲು ಆಧಾರವೇ ಇರುತ್ತಿರಲಿಲ್ಲ. ಐದು ವರ್ಷದೊಳಗೆ ಪಿಎಫ್ ತೆಗೆದರೆ ತೆರಿಗೆ ಬೀಳುತ್ತದೆ. ಅನಾರೋಗ್ಯದಿಂದ ಕೆಲಸ ಹೋಗಿದ್ದರೆ ಅದಕ್ಕೂ ವಿನಾಯಿತಿ ಇದೆ.

ಇನ್ನು ಮೆಡಿಕ್ಲೇಮ್. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೆಲಸದೊಂದಿಗೇ ಮುಗಿಯುತ್ತದೆ. ಹೊರಗೆ ಹೊಸ ಪಾಲಿಸಿ ಕೊಂಡರೆ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಬಿಡುವಾಗಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಂಡರೆ, ಗುಂಪು ವಿಮೆಯಲ್ಲಿ ಕಳೆದ ಕಾಲ ಆ ಲೆಕ್ಕಕ್ಕೆ ಸೇರುತ್ತದೆ. ಅವರು ಒಪ್ಪಲೇಬೇಕೆಂದಿಲ್ಲ, ಆರೋಗ್ಯ ನೋಡಿ ತೀರ್ಮಾನಿಸುತ್ತಾರೆ. ಆದ್ದರಿಂದ ನೋಟಿಸ್ ಅವಧಿಯಲ್ಲೇ ಕೇಳಬೇಕು.

ಕೊನೆಗೆ ನಾವಿಬ್ಬರೂ ಕೂತು ಬರೆದ ಪತ್ರದ ತಿರುಳು ಇದು. ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಹೇಳುತ್ತೇನೆ:

‘ಸಂಧಿವಾತದಿಂದ ನನ್ನ ಹುದ್ದೆಯ ಕೆಲಸ ಮಾಡಲು ಅಸಮರ್ಥಳಾಗಿರುವುದರಿಂದ ರಾಜೀನಾಮೆ ಕೊಡುತ್ತಿದ್ದೇನೆ. ವೈದ್ಯರ ಪ್ರಮಾಣಪತ್ರ ಲಗತ್ತಿಸಿದೆ. ನನ್ನ ಗ್ರಾಚ್ಯುಟಿ ಪಾವತಿಸಬೇಕಾಗಿ, ಪಿಎಫ್ ದಾಖಲೆಯಲ್ಲಿ ಬಿಟ್ಟ ಕಾರಣ ಅನಾರೋಗ್ಯವೆಂದು ನಮೂದಿಸಬೇಕಾಗಿ ವಿನಂತಿ. ಗುಂಪು ವಿಮೆ ಯಾವ ದಿನಾಂಕಕ್ಕೆ ಮುಗಿಯುತ್ತದೆ, ವೈಯಕ್ತಿಕ ಪಾಲಿಸಿಗೆ ಬದಲಾಯಿಸಲು ಯಾರಿಗೆ ಅರ್ಜಿ ಕೊಡಬೇಕು ಎಂಬುದನ್ನು ಲಿಖಿತವಾಗಿ ತಿಳಿಸಿ.’

ವೈದ್ಯರು ಮೊದಲು ‘ವಿಶ್ರಾಂತಿ ಅಗತ್ಯ’ ಎಂದಷ್ಟೇ ಬರೆದುಕೊಟ್ಟಿದ್ದರು. ಅದು ರಜೆಗೆ ಸಾಕು, ಇದಕ್ಕೆ ಸಾಲದು. ಮತ್ತೆ ಹೋಗಿ, ಬೆರಳಿನ ಕೆಲಸ ಇವರಿಂದ ಆಗದು ಎಂದು ಬರೆಸಿಕೊಂಡು ಬಂದರು. ಎಚ್‌ಆರ್‌ನವರು ‘ಐದು ವರ್ಷ ಆಗಿಲ್ಲ’ ಎಂದು ಒಮ್ಮೆ ತಿರುಗಿಸಿ ಕಳಿಸಿದಾಗ ಕೆಲಸಕ್ಕೆ ಬಂದದ್ದು ಅದೇ ಚೀಟಿ. ಗ್ರಾಚ್ಯುಟಿ ಬಂತು. ಪಾಲಿಸಿಯೂ ಸಿಕ್ಕಿತು, ಪ್ರೀಮಿಯಂ ಮಾತ್ರ ಈಗ ಅವರ ಕೈಯಿಂದಲೇ.