ಕಿರುಬೆರಳು ಜುಮ್ ಎಂದರೆ ಮೊಣಕೈ ನೋಡಿ



ನಮ್ಮ ಊರಿನಲ್ಲಿ ಬಟ್ಟೆ ಹೊಲಿಯುವ ಒಬ್ಬ ಅಕ್ಕ ಇದ್ದಾರೆ. ಒಂದು ದಿನ ಹೆದರಿಕೊಂಡು ನನ್ನ ಹತ್ತಿರ ಬಂದರು.

"ಸಿಸ್ಟರ್, ಬಲಗೈ ಕಿರುಬೆರಳು ಜುಮ್ ಅಂತದೆ. ಪಕ್ಕದ ಉಂಗುರದ ಬೆರಳೂ ಹಾಗೇ. ರಾತ್ರಿ ಎಚ್ಚರ ಆಗ್ತದೆ. ನನಗೆ ಲಕ್ವ ಹೊಡೀತದಾ?"

"ಉಳಿದ ಮೂರು ಬೆರಳು?" ಎಂದು ಕೇಳಿದೆ.

"ಅವು ಚೆನ್ನಾಗಿವೆ" ಎಂದರು.

ಆ ಮಾತೇ ನನಗೆ ದಾರಿ ತೋರಿಸಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ ಎಂದರೆ ತೊಂದರೆ ಹೆಚ್ಚಾಗಿ ಮಣಿಕಟ್ಟಿನಲ್ಲಿ. ಕಿರುಬೆರಳು, ಉಂಗುರದ ಬೆರಳು ಎಂದರೆ ಹೆಚ್ಚಾಗಿ ಮೊಣಕೈಯಲ್ಲಿ.

ಬೆರಳಿನ ತೊಂದರೆ ಮೊಣಕೈಯಲ್ಲಿ ಹೇಗೆ? ಮೊಣಕೈ ಬಾಗಿಲಿಗೆ ತಾಗಿದರೆ ಕರೆಂಟ್ ಹೊಡೆದ ಹಾಗೆ ಆಗ್ತದಲ್ಲ? ಅಲ್ಲಿ ಒಂದು ನರ ಇದೆ. ಅದು ಕತ್ತಿನಿಂದ ಹೊರಟು, ಮೊಣಕೈಯ ಒಳಬದಿಯ ಮೂಳೆಯ ಹಿಂದೆ ಹಾದು, ಈ ಎರಡು ಬೆರಳಿಗೆ ಹೋಗುತ್ತದೆ. ಮೂಳೆಯ ಹತ್ತಿರ ನರದ ಮೇಲೆ ಮಾಂಸ ಇಲ್ಲ. ಕೈ ಮಡಚಿದರೆ ನರ ಬಿಗಿಯುತ್ತದೆ. ಮೊಣಕೈ ಊರಿದರೆ ನರ ಒತ್ತಿಕೊಳ್ಳುತ್ತದೆ.

ಆ ಅಕ್ಕನ ಮಗ ಪಟ್ಟಣದಲ್ಲಿದ್ದಾನೆ. ದಿನಾ ರಾತ್ರಿ ಒಂದು ಗಂಟೆ ಫೋನ್ ಮಾಡ್ತಾನೆ. ಅಕ್ಕ ಬಲಗೈ ಮಡಚಿ, ಫೋನ್ ಕಿವಿಗೆ ಹಿಡಿದು, ಮೊಣಕೈ ಕಿಟಕಿಕಟ್ಟೆಗೆ ಊರಿ ಮಾತಾಡ್ತಾರೆ. ಹಗಲು ಹೊಲಿಗೆ ಮಿಷನ್ನಿನ ಅಂಚಿಗೆ ಊರುತ್ತಾರೆ. ಮಲಗಿದಾಗ ಕೈ ಮಡಚಿ ತಲೆಯ ಕೆಳಗೆ ಇಡುತ್ತಾರೆ. ನರಕ್ಕೆ ಬಿಡುವೇ ಇಲ್ಲ!

"ಮಗನ ಜೊತೆ ಮಾತು ಬಿಡಬೇಡಿ. ಕೈ ಮಡಚೋದು ಬಿಡಿ" ಎಂದೆ. ಫೋನ್ ಕೆಳಗಿಟ್ಟು ಸ್ಪೀಕರ್ ಹಾಕಿ. ಇಲ್ಲವೇ ಇಯರ್ ಫೋನ್ ಹಾಕಿಕೊಳ್ಳಿ. ಗಟ್ಟಿ ಅಂಚಿಗೆ ಮೊಣಕೈ ಊರಬೇಡಿ. ಮಲಗುವಾಗ ಮೊಣಕೈಗೆ ಟವೆಲ್ ಸಡಿಲವಾಗಿ ಸುತ್ತಿ. ಬಿಗಿ ಕಟ್ಟಬೇಡಿ. ಕೈ ಪೂರ್ತಿ ಮಡಚದಿದ್ದರೆ ಸಾಕು.

ಆರು ವಾರದಲ್ಲಿ ಅವರಿಗೆ ಜುಮ್ ಕಡಿಮೆ ಆಯಿತು. ನಿದ್ದೆ ಬಂತು.

ಎಲ್ಲರಿಗೂ ಇಷ್ಟರಲ್ಲೇ ವಾಸಿ ಆಗುವುದಿಲ್ಲ. ಆರು ವಾರಕ್ಕೂ ಕಡಿಮೆ ಆಗದಿದ್ದರೆ ಡಾಕ್ಟರಿಗೆ ತೋರಿಸಿ. ಬೆರಳಿಗೆ ಸದಾ ಸ್ಪರ್ಶ ತಿಳಿಯದಿದ್ದರೆ ಕಾಯಬೇಡಿ. ಸೂಜಿ, ಲೋಟ ಜಾರಿ ಬಿದ್ದರೂ ಕಾಯಬೇಡಿ. ಹೆಬ್ಬೆರಳು, ತೋರುಬೆರಳ ನಡುವಿನ ಮಾಂಸ ಕರಗಿ ಗುಳಿ ಬಿದ್ದರೆ ನರ ಬಹಳ ಸೊರಗಿದೆ ಎಂದು ಅರ್ಥ. ಆಮೇಲೆ ಆಪರೇಷನ್ ಮಾಡಿದರೂ ಪೂರ್ತಿ ಶಕ್ತಿ ಬರದೆ ಹೋಗಬಹುದು.

ಇನ್ನೊಂದು ಮಾತು. ಕುಷ್ಠರೋಗವೂ ಇದೇ ನರವನ್ನು ಹಿಡಿಯುತ್ತದೆ. ಮೈ ಮೇಲೆ ಬಿಳಚಿದ ಇಲ್ಲವೇ ಕೆಂಪು ಮಚ್ಚೆ ಇದ್ದು, ಅಲ್ಲಿ ಮುಟ್ಟಿದ್ದು ತಿಳಿಯದಿದ್ದರೆ ನಾಚಬೇಡಿ, ಮುಚ್ಚಿಡಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ. ಬೇಗ ಶುರು ಮಾಡಿದರೆ ಕೈ ಉಳಿಯುತ್ತದೆ.

ಇವತ್ತು ರಾತ್ರಿ ಫೋನ್ ಬಂದಾಗ ನಿಮ್ಮ ಮೊಣಕೈ ಎಲ್ಲಿದೆ, ನೋಡಿಕೊಳ್ಳಿ.